ಉದ್ಯೋಗ ತೊರೆದಾಗ ಮತ್ತು ಕಂಪನಿ ಸ್ವಾಧೀನವಾದಾಗ ಉದ್ಯೋಗಿ ಷೇರು ಆಯ್ಕೆ

ಉದ್ಯೋಗಿ ಷೇರು ಆಯ್ಕೆ ಅಥವಾ ಸ್ಟಾಕ್ ಆಪ್ಶನ್ ಎಂದರೆ ಕಂಪನಿಯ ಷೇರನ್ನು ಮೊದಲೇ ನಿಗದಿಪಡಿಸಿದ ಬೆಲೆಗೆ ಮುಂದೊಂದು ದಿನ ಕೊಳ್ಳಲು ಉದ್ಯೋಗಿಗೆ ನೀಡುವ ಹಕ್ಕು. ಇದು ಸ್ವತಃ ಷೇರಲ್ಲ. ಹಕ್ಕುಪತ್ರ ಕೈಗೆ ಬಂದ ದಿನವೇ ಈ ಹಕ್ಕು ಪೂರ್ಣವಾಗುವುದಿಲ್ಲ. ಉದ್ಯೋಗಿಯು ನಿಗದಿತ ಕಾಲ ಸೇವೆ ಸಲ್ಲಿಸಿದಂತೆ ಅದು ಕಂತು ಕಂತಾಗಿ ಅವನದಾಗುತ್ತದೆ. ಈ ಪ್ರಕ್ರಿಯೆಗೆ ವೆಸ್ಟಿಂಗ್ ಎಂದು ಹೆಸರು. ವೆಸ್ಟ್ ಆದ ಆಯ್ಕೆಗೆ ನಿಗದಿತ ಬೆಲೆಯನ್ನು ಪಾವತಿಸಿ ಷೇರು ಪಡೆಯುವುದನ್ನು ಹಕ್ಕು ಚಲಾಯಿಸುವುದು ಎನ್ನುತ್ತಾರೆ.

ಉದ್ಯೋಗಿ ರಾಜೀನಾಮೆ ಕೊಟ್ಟಾಗ, ವಜಾಗೊಂಡಾಗ ಅಥವಾ ಕಂಪನಿ ಬೇರೊಬ್ಬರ ಪಾಲಾದಾಗ ವೆಸ್ಟ್ ಆದ ಮತ್ತು ಆಗದ ಆಯ್ಕೆಗಳ ಗತಿ ಬೇರೆ ಬೇರೆಯಾಗಿರುತ್ತದೆ. ಭಾರತದಲ್ಲಿ ಇದನ್ನು ನಿರ್ಧರಿಸುವುದು ಭಾಗಶಃ ಕಾನೂನು, ಭಾಗಶಃ ಆಯಾ ಕಂಪನಿಯ ಯೋಜನೆಯ ಷರತ್ತುಗಳು.

## ಇನ್ಫೋಸಿಸ್‌ನ 1994ರ ಯೋಜನೆ

ಬೆಂಗಳೂರಿನ ಇನ್ಫೋಸಿಸ್ ಕಂಪನಿಯು 1994ರಲ್ಲಿ ರೂಪಿಸಿದ ಯೋಜನೆ ಭಾರತದ ಆರಂಭಿಕ ಷೇರು ಆಯ್ಕೆ ಯೋಜನೆಗಳಲ್ಲಿ ಒಂದು. ಮುಂದೆ ಇದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದುದರಿಂದ ಅದರ ಷರತ್ತುಗಳು ತೀರ್ಪಿನಲ್ಲಿ ವಿವರವಾಗಿ ದಾಖಲಾಗಿವೆ.

ಕಂಪನಿಯು ಉದ್ಯೋಗಿಗಳ ಕಲ್ಯಾಣಕ್ಕಾಗಿ ಒಂದು ಟ್ರಸ್ಟ್ ಸ್ಥಾಪಿಸಿ, ಅದಕ್ಕೆ ತಲಾ 1 ರೂಪಾಯಿಯಂತೆ 7,50,000 ವಾರಂಟುಗಳನ್ನು ಹಂಚಿತು. ಟ್ರಸ್ಟ್ ಅವನ್ನು ಅರ್ಹ ಉದ್ಯೋಗಿಗಳಿಗೆ ಅದೇ 1 ರೂಪಾಯಿಗೆ ನೀಡಿತು. ವಾರಂಟನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಂಡ ನಂತರ, ಐದು ವರ್ಷ ಮುಗಿಯುವುದರೊಳಗೆ, ಉಳಿದ 99 ರೂಪಾಯಿ ಕಟ್ಟಿ ಒಂದು ಷೇರು ಪಡೆಯಬಹುದಾಗಿತ್ತು. ಹೀಗೆ ಒಂದು ಷೇರಿಗೆ ಉದ್ಯೋಗಿ ತೆರುತ್ತಿದ್ದ ಒಟ್ಟು ಮೊತ್ತ 100 ರೂಪಾಯಿ.

ಆದರೆ ಷೇರು ಪಡೆದ ಮೇಲೂ ಅದು ಟ್ರಸ್ಟಿನ ವಶದಲ್ಲೇ ಇರುತ್ತಿತ್ತು, ಮಾರುವಂತಿರಲಿಲ್ಲ. ಉದ್ಯೋಗಿ ಐದು ವರ್ಷ ಸೇವೆಯಲ್ಲಿ ಮುಂದುವರಿಯಬೇಕಿತ್ತು. ಆ ಅವಧಿಯಲ್ಲಿ ಅವನು ರಾಜೀನಾಮೆ ಕೊಟ್ಟರೂ, ಯಾವುದೇ ಕಾರಣಕ್ಕೆ ಅವನ ಸೇವೆ ಕೊನೆಗೊಂಡರೂ, ಷೇರನ್ನು 100 ರೂಪಾಯಿಗೇ ಟ್ರಸ್ಟಿಗೆ ಮರಳಿಸಬೇಕಾಗಿತ್ತು. ಮಾರುಕಟ್ಟೆಯಲ್ಲಿ ಅದರ ಬೆಲೆ ಎಷ್ಟೇ ಏರಿದ್ದರೂ ಹೊರಟವನಿಗೆ ಸಿಗುತ್ತಿದ್ದುದು ಕಟ್ಟಿದ ಹಣ ಮಾತ್ರ.

ಆದಾಯ ತೆರಿಗೆ ಇಲಾಖೆಯು ಷೇರಿನ ಮಾರುಕಟ್ಟೆ ಬೆಲೆಗೂ ಉದ್ಯೋಗಿ ಕೊಟ್ಟ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳದ ಭಾಗವೆಂದು ಪರಿಗಣಿಸಿತು. ಅದರ ಮೇಲೆ ಕಂಪನಿ ತೆರಿಗೆ ಕಡಿತ ಮಾಡಬೇಕಿತ್ತೆಂದು ವಾದಿಸಿತು. 2008ರ ಜನವರಿ 4ರಂದು ಸರ್ವೋಚ್ಚ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು. ಮಾರಲಾಗದ, ಕೆಲಸ ಬಿಟ್ಟರೆ ಮರಳಿಸಬೇಕಾದ ಷೇರಿನಿಂದ ಆ ಹಂತದಲ್ಲಿ ಕೈಗೆ ಬಂದ ಲಾಭವೇನೂ ಇಲ್ಲ, ಅದು ಕಾಲ್ಪನಿಕ ಲಾಭ ಎಂಬುದು ತೀರ್ಪಿನ ಸಾರ. ನಂತರ ಕಾನೂನು ಬದಲಾಗಿ ತೆರಿಗೆಯ ಪ್ರಶ್ನೆ ಬೇರೆ ದಾರಿ ಹಿಡಿಯಿತು. ಆದರೂ ಉದ್ಯೋಗ ಮುಂದುವರಿಯುವುದಕ್ಕೂ ಷೇರಿನ ಮೇಲಿನ ಒಡೆತನಕ್ಕೂ ಇರುವ ಬಿಗಿಯಾದ ನಂಟನ್ನು ಈ ಪ್ರಕರಣ ಸ್ಪಷ್ಟವಾಗಿ ತೋರಿಸುತ್ತದೆ.

## ಈಗಿನ ಕಾನೂನು

2013ರ ಕಂಪನಿ ಕಾಯ್ದೆಯಡಿ ರೂಪಿಸಲಾದ 2014ರ ಷೇರು ಬಂಡವಾಳ ಮತ್ತು ಡಿಬೆಂಚರು ನಿಯಮಗಳ 12ನೇ ನಿಯಮವು ಷೇರು ಮಾರುಕಟ್ಟೆಯಲ್ಲಿ ನೋಂದಾಯಿತವಾಗದ ಕಂಪನಿಗಳಿಗೆ ಅನ್ವಯಿಸುತ್ತದೆ. ನೋಂದಾಯಿತ ಕಂಪನಿಗಳಿಗೆ ಸೆಬಿಯ 2021ರ ನಿಬಂಧನೆಗಳಿವೆ. ಎರಡರಲ್ಲೂ ಮೂಲ ತತ್ತ್ವ ಒಂದೇ.

ಆಯ್ಕೆಯನ್ನು ನೀಡಿದ ದಿನಕ್ಕೂ ಮೊದಲ ವೆಸ್ಟಿಂಗಿಗೂ ನಡುವೆ ಕನಿಷ್ಠ ಒಂದು ವರ್ಷದ ಅಂತರವಿರಬೇಕು. ಆಯ್ಕೆಯನ್ನು ಮತ್ತೊಬ್ಬರಿಗೆ ವರ್ಗಾಯಿಸುವಂತಿಲ್ಲ, ಅಡವಿಡುವಂತಿಲ್ಲ. ಉದ್ಯೋಗಿ ರಾಜೀನಾಮೆ ಕೊಟ್ಟರೆ ಅಥವಾ ಅವನ ಸೇವೆ ಕೊನೆಗೊಂಡರೆ, ಅಂದಿಗೆ ವೆಸ್ಟ್ ಆಗದ ಆಯ್ಕೆಗಳೆಲ್ಲ ರದ್ದಾಗುತ್ತವೆ. ವೆಸ್ಟ್ ಆದವನ್ನು ಕಂಪನಿಯ ಷರತ್ತುಗಳಿಗೆ ಒಳಪಟ್ಟು, ಗೊತ್ತುಪಡಿಸಿದ ಗಡುವಿನೊಳಗೆ ಚಲಾಯಿಸಬಹುದು.

ಮರಣ ಮತ್ತು ಶಾಶ್ವತ ಅಂಗವೈಕಲ್ಯ ಇದಕ್ಕೆ ಅಪವಾದ. ಸೇವೆಯಲ್ಲಿರುವಾಗ ಉದ್ಯೋಗಿ ತೀರಿಕೊಂಡರೆ ಅವನಿಗೆ ಅಲ್ಲಿಯವರೆಗೆ ನೀಡಲಾದ ಆಯ್ಕೆಗಳೆಲ್ಲ, ವೆಸ್ಟ್ ಆಗದವೂ ಸೇರಿ, ವಾರಸುದಾರರಿಗೆ ಅಥವಾ ನಾಮನಿರ್ದೇಶಿತರಿಗೆ ಸಲ್ಲುತ್ತವೆ. ಶಾಶ್ವತವಾಗಿ ಅಶಕ್ತನಾದರೆ ಅವೆಲ್ಲ ಅಂದೇ ವೆಸ್ಟ್ ಆಗುತ್ತವೆ.

ಈ ನಿಯಮಗಳು ಭಾರತೀಯ ಕಂಪನಿಗಳಿಗೆ ಸಂಬಂಧಿಸಿದವು. ಬೆಂಗಳೂರಿನಲ್ಲಿ ಕೆಲಸ ಮಾಡುವ ಅನೇಕರ ಆಯ್ಕೆಗಳು ಸಿಂಗಪುರ ಅಥವಾ ಅಮೆರಿಕದ ಮಾತೃ ಕಂಪನಿಯ ಷೇರಿಗೆ ಸಂಬಂಧಿಸಿರುತ್ತವೆ. ಅಂಥಲ್ಲಿ ಆ ದೇಶದ ಕಾನೂನು ಮತ್ತು ಆ ಕಂಪನಿಯ ಯೋಜನೆಯೇ ಮುಖ್ಯವಾಗುತ್ತದೆ. ಭಾರತದ ಆದಾಯ ತೆರಿಗೆ ಮಾತ್ರ ಎಂದಿನಂತೆ ಅನ್ವಯಿಸುತ್ತದೆ.

## ರಾಜೀನಾಮೆ

### ಲೆಕ್ಕದ ಉದಾಹರಣೆ

ಷೇರು ಮಾರುಕಟ್ಟೆಯಲ್ಲಿ ಇಲ್ಲದ ಒಂದು ಖಾಸಗಿ ಕಂಪನಿಯು ಉದ್ಯೋಗಿಯೊಬ್ಬಳಿಗೆ 2021ರ ಏಪ್ರಿಲ್ 1ರಂದು 4,800 ಆಯ್ಕೆಗಳನ್ನು ನೀಡಿದೆ ಎಂದುಕೊಳ್ಳೋಣ. ನಿಗದಿತ ಬೆಲೆ ಷೇರಿಗೆ 10 ರೂಪಾಯಿ. ಒಂದು ವರ್ಷ ತುಂಬಿದಾಗ 1,200, ಅನಂತರ ಪ್ರತಿ ತಿಂಗಳ 1ರಂದು 100ರಂತೆ ವೆಸ್ಟ್ ಆಗಿ, ನಾಲ್ಕು ವರ್ಷಕ್ಕೆ ಎಲ್ಲವೂ ಪೂರ್ಣಗೊಳ್ಳುತ್ತವೆ. ಆಕೆ 2023ರ ಆಗಸ್ಟ್ 15ರಂದು ರಾಜೀನಾಮೆ ಪತ್ರ ಕೊಡುತ್ತಾಳೆ. ಕೆಲಸದ ಕೊನೆಯ ದಿನ ಅಕ್ಟೋಬರ್ 15.

ಕೊನೆಯ ದಿನವನ್ನು ಆಧಾರವಾಗಿ ತೆಗೆದುಕೊಂಡರೆ, ಮೊದಲ ವರ್ಷದ 1,200 ಮತ್ತು 2022ರ ಮೇಯಿಂದ 2023ರ ಅಕ್ಟೋಬರ್‌ವರೆಗಿನ 18 ತಿಂಗಳ 1,800 ಸೇರಿ 3,000 ಆಯ್ಕೆಗಳು ವೆಸ್ಟ್ ಆಗಿವೆ. ಉಳಿದ 1,800 ರದ್ದಾಗಿ, ಸಾಮಾನ್ಯವಾಗಿ ಕಂಪನಿಯು ಮುಂದಿನ ಉದ್ಯೋಗಿಗಳಿಗೆಂದು ಮೀಸಲಿಟ್ಟ ನಿಧಿಗೆ ಮರಳುತ್ತವೆ. ಆದರೆ ಕೆಲವು ಯೋಜನೆಗಳಲ್ಲಿ ರಾಜೀನಾಮೆ ಪತ್ರ ಕೊಟ್ಟ ದಿನದಿಂದಲೇ ವೆಸ್ಟಿಂಗ್ ನಿಲ್ಲುತ್ತದೆ. ಆಗ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಕಂತುಗಳು ಸಿಗದೆ ಸಂಖ್ಯೆ 2,800ಕ್ಕೆ ಇಳಿಯುತ್ತದೆ. ನೋಟಿಸ್ ಅವಧಿ ಸೇವೆಯೋ ಅಲ್ಲವೋ ಎಂಬ ಒಂದು ಸಾಲಿನ ಮೇಲೆ 200 ಷೇರುಗಳ ಹಕ್ಕು ನಿಂತಿರುತ್ತದೆ.

### ಚಲಾಯಿಸುವ ಗಡುವು

ಕೆಲಸ ಬಿಟ್ಟ ಮೇಲೆ ಹಕ್ಕು ಚಲಾಯಿಸಲು ಎಷ್ಟು ದಿನ ಎಂಬುದನ್ನು ಭಾರತದ ಕಾನೂನು ಹೇಳುವುದಿಲ್ಲ. ಅದನ್ನು ಯೋಜನೆಗೆ ಬಿಟ್ಟಿದೆ. ಅನೇಕ ಯೋಜನೆಗಳಲ್ಲಿ ಕಾಣುವ 90 ದಿನಗಳ ಗಡುವು ಅಮೆರಿಕದ ರೂಢಿಯಿಂದ ಬಂದುದು. ಅಲ್ಲಿ ಒಂದು ಬಗೆಯ ಆಯ್ಕೆಗೆ ತೆರಿಗೆ ರಿಯಾಯಿತಿ ಉಳಿಯಬೇಕಾದರೆ ಕೆಲಸ ಬಿಟ್ಟ ಮೂರು ತಿಂಗಳೊಳಗೆ ಚಲಾಯಿಸಬೇಕು. ಭಾರತದಲ್ಲಿ ಅಂಥ ರಿಯಾಯಿತಿಯೇ ಇಲ್ಲದಿರುವುದರಿಂದ ಗಡುವನ್ನು ಹಲವು ವರ್ಷಗಳಿಗೆ ವಿಸ್ತರಿಸಲು ಕಂಪನಿಗೆ ಅಡ್ಡಿಯಿಲ್ಲ. ಹಾಗೆ ವಿಸ್ತರಿಸಿದ ಕಂಪನಿಗಳೂ ಇವೆ. ಗಡುವು ಮೀರಿದರೆ ವೆಸ್ಟ್ ಆದ ಆಯ್ಕೆಯೂ ಆಗದ ಆಯ್ಕೆಯಂತೆಯೇ ರದ್ದಾಗುತ್ತದೆ.

ಮೇಲಿನ ಉದಾಹರಣೆಯಲ್ಲಿ 90 ದಿನಗಳು 2024ರ ಜನವರಿ 13ಕ್ಕೆ ಮುಗಿಯುತ್ತವೆ. ಅಷ್ಟರೊಳಗೆ ಆಕೆ 3,000 ಷೇರುಗಳಿಗೆ 30,000 ರೂಪಾಯಿ ಕಟ್ಟಬೇಕು. ಇದು ದೊಡ್ಡ ಮೊತ್ತವಲ್ಲ. ಭಾರವಾಗುವುದು ತೆರಿಗೆ.

### ತೆರಿಗೆಯ ಹೊರೆ

1961ರ ಆದಾಯ ತೆರಿಗೆ ಕಾಯ್ದೆಯಡಿ ನೆಲೆಗೊಂಡ ಪದ್ಧತಿಯಂತೆ, ಹಕ್ಕು ಚಲಾಯಿಸಿದ ದಿನದ ನ್ಯಾಯಯುತ ಮಾರುಕಟ್ಟೆ ಮೌಲ್ಯಕ್ಕೂ ಉದ್ಯೋಗಿ ಕೊಟ್ಟ ಬೆಲೆಗೂ ಇರುವ ವ್ಯತ್ಯಾಸವು ಸಂಬಳದ ಆದಾಯವಾಗುತ್ತದೆ. ನೋಂದಾಯಿತವಲ್ಲದ ಕಂಪನಿಯಲ್ಲಿ ಈ ಮೌಲ್ಯವನ್ನು ಮರ್ಚೆಂಟ್ ಬ್ಯಾಂಕರ್ ನಿರ್ಧರಿಸುತ್ತಾರೆ. ಆ ಹೊತ್ತಿಗೆ ಉದ್ಯೋಗಿ ಕೆಲಸ ಬಿಟ್ಟಿದ್ದರೂ ತೆರಿಗೆಯ ಸ್ವರೂಪ ಬದಲಾಗುವುದಿಲ್ಲ.

ಉದಾಹರಣೆಯ ಕಂಪನಿಯ ಷೇರಿನ ಮೌಲ್ಯ 410 ರೂಪಾಯಿ ಎಂದಿಟ್ಟುಕೊಂಡರೆ, ಷೇರಿಗೆ 400ರಂತೆ 12,00,000 ರೂಪಾಯಿ ಸಂಬಳವಾಗಿ ಲೆಕ್ಕಕ್ಕೆ ಬರುತ್ತದೆ. ಅದು ಪೂರ್ತಿಯಾಗಿ ಶೇ. 30ರ ಹಂತದಲ್ಲಿದ್ದರೆ, ಶೇ. 4ರ ಉಪಕರವೂ ಸೇರಿ ತೆರಿಗೆ 3,74,400 ರೂಪಾಯಿ. ಒಟ್ಟು 4,04,400 ರೂಪಾಯಿ ನಗದು ಕೈಯಿಂದ ಹೋಗಬೇಕು. ಬದಲಿಗೆ ಬರುವುದು ಸದ್ಯಕ್ಕೆ ಕೊಳ್ಳುವವರೇ ಇಲ್ಲದ ಷೇರು. ಕೆಲಸ ಬಿಟ್ಟ ಅನೇಕರು ವೆಸ್ಟ್ ಆದ ಆಯ್ಕೆಯನ್ನೂ ಕೈಬಿಡುವುದಕ್ಕೆ ಇದೇ ಕಾರಣ.

ಮುಂದೆ ಷೇರು ಮಾರಿದಾಗ 410 ರೂಪಾಯಿಯೇ ಅದರ ಖರೀದಿ ಬೆಲೆ ಎನಿಸುತ್ತದೆ. ಅದಕ್ಕಿಂತ ಹೆಚ್ಚಿಗೆ ಮಾರಿದರೆ ವ್ಯತ್ಯಾಸಕ್ಕೆ ಬಂಡವಾಳ ಲಾಭದ ತೆರಿಗೆ ಬೀಳುತ್ತದೆ. ಬೆಲೆ 100 ರೂಪಾಯಿಗೆ ಕುಸಿದು ಆಗ ಮಾರಿದರೆ 9,30,000 ರೂಪಾಯಿ ಬಂಡವಾಳ ನಷ್ಟವಾಗುತ್ತದೆ. ಆದರೆ ಬಂಡವಾಳ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯಲು ಅವಕಾಶವಿಲ್ಲ. ಆದ್ದರಿಂದ ಮೊದಲು ಕಟ್ಟಿದ ತೆರಿಗೆ ಮರಳುವುದಿಲ್ಲ. ಎಲ್ಲ ಆಯ್ಕೆಗಳನ್ನೂ ಒಮ್ಮೆಗೇ ಚಲಾಯಿಸಬೇಕೆಂದು ಯೋಜನೆಯು ಕಡ್ಡಾಯ ಮಾಡಿರದಿದ್ದರೆ ಒಂದು ಭಾಗವನ್ನಷ್ಟೇ ಚಲಾಯಿಸಬಹುದು. 1,000 ಷೇರುಗಳಿಗಾದರೆ ಬೆಲೆ ಮತ್ತು ತೆರಿಗೆ ಸೇರಿ 1,34,800 ರೂಪಾಯಿ ಬೇಕಾಗುತ್ತದೆ.

2020ರ ಹಣಕಾಸು ಕಾಯ್ದೆ ಅರ್ಹ ನವೋದ್ಯಮಗಳ ಉದ್ಯೋಗಿಗಳಿಗೆ ಈ ತೆರಿಗೆಯನ್ನು ಮುಂದೂಡುವ ಅವಕಾಶ ಕಲ್ಪಿಸಿತು. ಸಂಬಂಧಿಸಿದ ಕರನಿರ್ಧಾರಣಾ ವರ್ಷ ಮುಗಿದು 48 ತಿಂಗಳಾಗುವುದು, ಷೇರು ಮಾರುವುದು, ಕೆಲಸ ಬಿಡುವುದು, ಇವುಗಳಲ್ಲಿ ಯಾವುದು ಮೊದಲೋ ಅಂದಿನಿಂದ 14 ದಿನಗಳೊಳಗೆ ತೆರಿಗೆ ಸಲ್ಲಬೇಕು. ಸೇವೆಯಲ್ಲಿರುವಾಗಲೇ ಹಕ್ಕು ಚಲಾಯಿಸಿ ತೆರಿಗೆ ಮುಂದೂಡಿದವರಿಗೆ ರಾಜೀನಾಮೆಯೇ ಆ ಬಾಕಿಯನ್ನು ಎಳೆದು ತರುತ್ತದೆ. ಸರ್ಕಾರದಲ್ಲಿ ನವೋದ್ಯಮವೆಂದು ನೋಂದಾಯಿಸಿಕೊಂಡ ಮಾತ್ರಕ್ಕೆ ಈ ಸೌಲಭ್ಯ ಸಿಗುವುದಿಲ್ಲ. ಕಾಯ್ದೆಯ 80-ಐಎಸಿ ವಿಧಿಯಡಿ ಪ್ರತ್ಯೇಕ ಪ್ರಮಾಣಪತ್ರ ಬೇಕು.

## ವಜಾ

ವೆಸ್ಟ್ ಆಗದ ಆಯ್ಕೆಗಳ ಮಟ್ಟಿಗೆ 12ನೇ ನಿಯಮವು ರಾಜೀನಾಮೆಗೂ ವಜಾಕ್ಕೂ ಭೇದ ಮಾಡುವುದಿಲ್ಲ. ತಪ್ಪೇನೂ ಇಲ್ಲದೆ ಸಿಬ್ಬಂದಿ ಕಡಿತದಲ್ಲಿ ಕೆಲಸ ಕಳೆದುಕೊಂಡವರ ಆಯ್ಕೆಗಳೂ ರದ್ದಾಗುತ್ತವೆ. ವೆಸ್ಟಿಂಗ್ ದಿನಾಂಕಕ್ಕೆ ಒಂದು ವಾರ ಮೊದಲು ಸೇವೆ ಮುಗಿದರೂ ಆ ಕಂತಿನಲ್ಲಿ ಪಾಲು ಕೇಳಲು ಸಾಮಾನ್ಯವಾಗಿ ಆಧಾರವಿರುವುದಿಲ್ಲ.

ವೆಸ್ಟ್ ಆದ ಆಯ್ಕೆಗಳ ವಿಷಯದಲ್ಲಿ ವಜಾದ ಕಾರಣ ನಿರ್ಣಾಯಕ. ವಂಚನೆ, ಗೋಪ್ಯತೆಯ ಉಲ್ಲಂಘನೆ, ಗಂಭೀರ ದುರ್ನಡತೆ ಮುಂತಾದ ಕಾರಣಕ್ಕೆ ವಜಾಗೊಂಡರೆ, ವೆಸ್ಟ್ ಆಗಿದ್ದೂ ಚಲಾಯಿಸದೆ ಉಳಿದ ಆಯ್ಕೆಗಳೂ ರದ್ದಾಗುತ್ತವೆ ಎಂದು ಬಹಳಷ್ಟು ಯೋಜನೆಗಳು ಹೇಳುತ್ತವೆ. ಕೆಲವು ಇನ್ನೂ ಮುಂದೆ ಹೋಗಿ, ಈಗಾಗಲೇ ಪಡೆದ ಷೇರುಗಳನ್ನೂ ಕೊಟ್ಟ ಬೆಲೆಗೆ ಮರಳಿ ಕೊಳ್ಳುವ ಹಕ್ಕನ್ನು ಕಂಪನಿಗೆ ಕೊಟ್ಟಿರುತ್ತವೆ. ಆದ್ದರಿಂದ ವಿವಾದಗಳು ಹೆಚ್ಚಾಗಿ ದುರ್ನಡತೆ ಎಂಬ ಪದದ ವ್ಯಾಖ್ಯೆಯ ಸುತ್ತ ಹುಟ್ಟುತ್ತವೆ. ಪಟ್ಟಿಯಲ್ಲಿ ಕಳಪೆ ಕಾರ್ಯಕ್ಷಮತೆಯೂ ಸೇರಿದೆಯೇ, ನಿರ್ಧಾರ ಯಾರದು, ವಿಚಾರಣೆ ನಡೆಯಬೇಕೇ ಎಂಬುದನ್ನು ಯೋಜನೆಯ ಪಠ್ಯದಲ್ಲೇ ನೋಡಬೇಕಾಗುತ್ತದೆ. ದುರ್ನಡತೆ ಕೆಲಸ ಬಿಟ್ಟ ಮೇಲೆ ಬೆಳಕಿಗೆ ಬಂದರೂ ಆಯ್ಕೆ ರದ್ದಾಗುತ್ತದೆ ಎಂಬ ಷರತ್ತೂ ಕೆಲವೆಡೆ ಇರುತ್ತದೆ.

ಆಯ್ಕೆ ನೀಡಿದ ನಂತರ ಕಂಪನಿ ತನ್ನಿಷ್ಟದಂತೆ ಷರತ್ತುಗಳನ್ನು ಬಿಗಿಗೊಳಿಸುವಂತಿಲ್ಲ. ಇನ್ನೂ ಚಲಾಯಿಸದ ಆಯ್ಕೆಗಳ ಷರತ್ತು ಬದಲಿಸಲು ಷೇರುದಾರರ ವಿಶೇಷ ನಿರ್ಣಯ ಬೇಕು. ಬದಲಾವಣೆಯು ಆಯ್ಕೆದಾರರ ಹಿತಕ್ಕೆ ಧಕ್ಕೆ ತರಬಾರದು. ಹಾಗಾಗಿ ಗಡುವನ್ನು ವಿಸ್ತರಿಸಬಹುದು, ಮೊಟಕುಗೊಳಿಸುವುದು ಕಷ್ಟ.

## ಕಂಪನಿಯ ಸ್ವಾಧೀನ

ಸ್ವಾಧೀನದಲ್ಲಿ ಆಯ್ಕೆಗಳ ಗತಿಯು ವ್ಯವಹಾರದ ರೂಪವನ್ನು ಅವಲಂಬಿಸಿರುತ್ತದೆ. ಕೊಳ್ಳುವವರು ಷೇರುಗಳನ್ನಷ್ಟೇ ಖರೀದಿಸಿದರೆ ಉದ್ಯೋಗದಾತ ಕಂಪನಿ ಹಾಗೆಯೇ ಉಳಿಯುತ್ತದೆ; ಬದಲಾಗುವುದು ಒಡೆಯರು ಮಾತ್ರ. ಆಯ್ಕೆಗಳು ತಾವಾಗಿ ರದ್ದಾಗುವುದೂ ಇಲ್ಲ, ತಾವಾಗಿ ವೆಸ್ಟ್ ಆಗುವುದೂ ಇಲ್ಲ. ಒಂದು ವಿಭಾಗವನ್ನಷ್ಟೇ ಮಾರಿ ಅದರ ನೌಕರರನ್ನು ಹೊಸ ಕಂಪನಿಗೆ ವರ್ಗಾಯಿಸಿದರೆ ಹಳೆಯ ಕಂಪನಿಯಲ್ಲಿನ ಸೇವೆ ಮುಗಿದಂತಾಗುತ್ತದೆ. ಒಪ್ಪಂದದಲ್ಲಿ ರಕ್ಷಣೆ ಇಲ್ಲದಿದ್ದರೆ ವೆಸ್ಟ್ ಆಗದವು ಅಲ್ಲಿಗೇ ಕೊನೆಯಾಗುವ ಅಪಾಯವಿದೆ.

ಕಂಪನಿ ಮತ್ತೊಂದರಲ್ಲಿ ವಿಲೀನವಾದರೆ ಹಳೆಯ ಆಯ್ಕೆಗಳ ಬದಲಿಗೆ ಹೊಸ ಕಂಪನಿಯ ಆಯ್ಕೆಗಳನ್ನು ಕೊಡುವುದುಂಟು. ನಾಲ್ಕು ಹಳೆಯ ಷೇರಿಗೆ ಒಂದು ಹೊಸ ಷೇರು ಎಂಬ ಅನುಪಾತವಿದ್ದರೆ, 10 ರೂಪಾಯಿ ಬೆಲೆಯ 1,800 ಆಯ್ಕೆಗಳು 40 ರೂಪಾಯಿ ಬೆಲೆಯ 450 ಆಯ್ಕೆಗಳಾಗುತ್ತವೆ. ಉದ್ಯೋಗಿ ಕಟ್ಟಬೇಕಾದ ಒಟ್ಟು 18,000 ರೂಪಾಯಿ ಬದಲಾಗುವುದಿಲ್ಲ. ಹಳೆಯ ಕಂಪನಿಯಲ್ಲಿ ಆಯ್ಕೆ ಹೊಂದಿದ್ದ ಕಾಲವನ್ನು ಕನಿಷ್ಠ ಒಂದು ವರ್ಷದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕೆಂದು 12ನೇ ನಿಯಮವೇ ಹೇಳುತ್ತದೆ.

ಸ್ವಾಧೀನವಾದೊಡನೆ ಎಲ್ಲ ಆಯ್ಕೆಗಳೂ ವೆಸ್ಟ್ ಆಗುವ ಷರತ್ತು ಹಿರಿಯ ಅಧಿಕಾರಿಗಳ ಹಕ್ಕುಪತ್ರಗಳಲ್ಲಿ ಕೆಲವೊಮ್ಮೆ ಇರುತ್ತದೆ. ಇನ್ನೊಂದು ಬಗೆಯಲ್ಲಿ ಎರಡು ಘಟನೆಗಳು ನಡೆಯಬೇಕು: ಕಂಪನಿ ಕೈಬದಲಾಗಬೇಕು, ಅದಾದ ನಿಗದಿತ ತಿಂಗಳುಗಳೊಳಗೆ ತಪ್ಪಿಲ್ಲದ ಉದ್ಯೋಗಿಯನ್ನು ಕೆಲಸದಿಂದ ತೆಗೆಯಬೇಕು. ಕೊಳ್ಳುವವರು ಸಾಮಾನ್ಯವಾಗಿ ಎರಡನೆಯದನ್ನೇ ಬಯಸುತ್ತಾರೆ. ಏಕೆಂದರೆ ಮೊದಲನೆಯದರಲ್ಲಿ ಉದ್ಯೋಗಿಗಳನ್ನು ಹಿಡಿದಿಡುವ ಎಳೆಯೇ ಕಡಿದುಹೋಗುತ್ತದೆ.

ವೆಸ್ಟ್ ಆದ ಆಯ್ಕೆಗಳನ್ನು ನಗದು ಕೊಟ್ಟು ತೀರಿಸುವುದೂ ಉಂಟು. ಉದಾಹರಣೆಯ ಉದ್ಯೋಗಿ ಸೇವೆಯಲ್ಲೇ ಇದ್ದು, ಕೊಳ್ಳುವವರು ಷೇರಿಗೆ 610 ರೂಪಾಯಿ ಕೊಟ್ಟರೆ, 3,000 ಆಯ್ಕೆಗಳಿಗೆ ತಲಾ 600ರಂತೆ 18,00,000 ರೂಪಾಯಿ ಬರುತ್ತದೆ. ಅದು ಸಂಬಳದಂತೆ ತೆರಿಗೆಗೆ ಒಳಪಡುತ್ತದೆ. ಇಲ್ಲಿ ತೆರಿಗೆ ಕಟ್ಟಲು ಹಣ ಕೈಯಲ್ಲೇ ಇರುತ್ತದೆ ಎಂಬುದು ರಾಜೀನಾಮೆಯ ಸಂದರ್ಭಕ್ಕಿಂತ ದೊಡ್ಡ ವ್ಯತ್ಯಾಸ.

ಸ್ವಾಧೀನದ ಮೊತ್ತ ದೊಡ್ಡದಿದ್ದ ಮಾತ್ರಕ್ಕೆ ಆಯ್ಕೆಗೆ ಬೆಲೆ ಬರುವುದಿಲ್ಲ. ಹೂಡಿಕೆದಾರರು ಆದ್ಯತಾ ಷೇರುಗಳ ಮೂಲಕ 50 ಕೋಟಿ ರೂಪಾಯಿ ಹೂಡಿ, ತಮ್ಮ ಹಣ ಮೊದಲು ಮರಳಬೇಕೆಂಬ ಷರತ್ತು ಹಾಕಿದ್ದಾರೆ ಎಂದುಕೊಳ್ಳೋಣ. ಕಂಪನಿ 40 ಕೋಟಿಗೆ ಮಾರಾಟವಾದರೆ ಅಷ್ಟೂ ಅವರಿಗೇ ಸಲ್ಲುತ್ತದೆ. ಉದ್ಯೋಗಿಗಳ ಆಯ್ಕೆಗಳು ಸಾಮಾನ್ಯ ಷೇರಿನವು. ಅವುಗಳ ಪಾಲಿಗೆ ಉಳಿಯುವುದು ಸೊನ್ನೆ. ಹಿಂದಿನ ವರ್ಷ ಮರ್ಚೆಂಟ್ ಬ್ಯಾಂಕರ್ 410 ರೂಪಾಯಿ ಮೌಲ್ಯ ಕಟ್ಟಿದ್ದರೂ ಇದು ಸಂಭವಿಸಬಹುದು.

### ಫ್ಲಿಪ್‌ಕಾರ್ಟ್ ಪ್ರಕರಣ

ಬೆಂಗಳೂರಿನಲ್ಲಿ 2007ರಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್‌ನ ಸುಮಾರು ಶೇ. 77ರಷ್ಟು ಪಾಲನ್ನು 16 ಶತಕೋಟಿ ಡಾಲರಿಗೆ ಕೊಳ್ಳುವುದಾಗಿ ಅಮೆರಿಕದ ವಾಲ್‌ಮಾರ್ಟ್ 2018ರ ಮೇ 9ರಂದು ಪ್ರಕಟಿಸಿತು. ಇದು ಷೇರು ಖರೀದಿಯ ರೂಪದ ಸ್ವಾಧೀನ. ಆಯ್ಕೆಗಳು ಸಿಂಗಪುರದಲ್ಲಿ ನೋಂದಾಯಿತವಾದ ಮಾತೃ ಕಂಪನಿಯ 2012ರ ಯೋಜನೆಯಡಿ ನೀಡಲಾಗಿದ್ದವು. ಸ್ವಾಧೀನದ ನಂತರವೂ ಆ ಯೋಜನೆ ಮುಂದುವರಿಯಿತು.

2022ರ ಡಿಸೆಂಬರಿನಲ್ಲಿ ಫೋನ್‌ಪೇ ಸಂಸ್ಥೆಯನ್ನು ಫ್ಲಿಪ್‌ಕಾರ್ಟ್‌ನಿಂದ ಬೇರ್ಪಡಿಸಲಾಯಿತು. ಇದರಿಂದ ಫ್ಲಿಪ್‌ಕಾರ್ಟ್ ಷೇರಿನ ಮೌಲ್ಯ ತಗ್ಗುವುದರಿಂದ ಆಯ್ಕೆದಾರರಿಗೆ ಪ್ರತಿ ಆಯ್ಕೆಗೆ 43.67 ಡಾಲರ್ ಪರಿಹಾರ ನೀಡಲಾಯಿತು. ಕೆಲಸ ತೊರೆದಿದ್ದರೂ ಆಯ್ಕೆ ಉಳಿಸಿಕೊಂಡಿದ್ದ ಮಾಜಿ ಉದ್ಯೋಗಿಗಳಿಗೂ ಇದು ದೊರೆಯಿತು. ಅಂಥ ಒಬ್ಬರ ಅರ್ಜಿಯ ಮೇಲೆ ದೆಹಲಿ ಹೈಕೋರ್ಟ್ 2024ರ ಮೇ 30ರಂದು, ಹಕ್ಕು ಇನ್ನೂ ಚಲಾಯಿಸದೆ ಇರುವುದರಿಂದ ಈ ಮೊತ್ತ ಸಂಬಳದ ಸೌಲಭ್ಯವಲ್ಲ, ಬಂಡವಾಳ ಸ್ವರೂಪದ ಸ್ವೀಕೃತಿ ಎಂದು ತೀರ್ಪಿತ್ತಿತು. ಅದೇ ಪರಿಹಾರವನ್ನು ಕುರಿತು ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠವು ಅದೇ ವರ್ಷ ವ್ಯತಿರಿಕ್ತ ನಿಲುವು ತಳೆದು, ಅದನ್ನು ಸಂಬಳದ ಭಾಗವೆಂದಿತು.

## ದಾಖಲೆಗಳು

ಒಬ್ಬ ಉದ್ಯೋಗಿಯ ಹಕ್ಕನ್ನು ಮೂರು ದಾಖಲೆಗಳಿಂದ ತಿಳಿಯಬಹುದು. ಹಕ್ಕುಪತ್ರದಲ್ಲಿ ಆಯ್ಕೆಗಳ ಸಂಖ್ಯೆ, ಬೆಲೆ ಮತ್ತು ವೆಸ್ಟಿಂಗ್ ದಿನಾಂಕಗಳಿರುತ್ತವೆ. ರಾಜೀನಾಮೆ, ವಜಾ ಮತ್ತು ಸ್ವಾಧೀನದ ಷರತ್ತುಗಳು ಷೇರುದಾರರು ಅಂಗೀಕರಿಸಿದ ಯೋಜನೆಯಲ್ಲಿರುತ್ತವೆ. ಕಂಪನಿಯು ಎಸ್‌ಎಚ್-6 ನಮೂನೆಯಲ್ಲಿ ಇಡಬೇಕಾದ ಆಯ್ಕೆಗಳ ದಫ್ತರಿನಲ್ಲಿ ನೀಡಿದ, ವೆಸ್ಟ್ ಆದ, ಚಲಾಯಿಸಿದ ಮತ್ತು ರದ್ದಾದ ಆಯ್ಕೆಗಳ ಲೆಕ್ಕವಿರುತ್ತದೆ. ನೇಮಕಾತಿ ಪತ್ರದಲ್ಲಿ ಇಷ್ಟು ಲಕ್ಷ ರೂಪಾಯಿ ಮೌಲ್ಯದ ಷೇರು ಎಂಬ ಉಲ್ಲೇಖ ಮಾತ್ರವಿದ್ದು ಹಕ್ಕುಪತ್ರ ಕೊಡದೇ ಇದ್ದಲ್ಲಿ ವೆಸ್ಟಿಂಗ್ ಆರಂಭವಾದ ದಿನಾಂಕವನ್ನು ಸಾಬೀತುಪಡಿಸುವುದು ಕಷ್ಟವಾಗುತ್ತದೆ.